ಪೆನಾಲ್ಟಿಯೋ ಲಿಕ್ವಿಡೇಟೆಡ್ ಡ್ಯಾಮೇಜಸ್ಸೋ: ಸೆಕ್ಷನ್ 74ರ ಸಮಸ್ಯೆ ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ಎಲ್‌ಎಲ್‌ಬಿ ಮೊದಲ ವರ್ಷದ ವಿದ್ಯಾರ್ಥಿನಿ. ಕಾಂಟ್ರಾಕ್ಟ್ ಪರೀಕ್ಷೆಯಲ್ಲಿ ಈ ಸಮಸ್ಯೆ ಬಂದಿತ್ತು. ಗುತ್ತಿಗೆದಾರ 60 ಲಕ್ಷಕ್ಕೆ ಕಲ್ಯಾಣ ಮಂಟಪ ಕಟ್ಟಿ ಮಾರ್ಚ್ 31ಕ್ಕೆ ಕೊಡಬೇಕು. ತಡವಾದರೆ ವಾರಕ್ಕೆ 1 ಲಕ್ಷ 'ಲಿಕ್ವಿಡೇಟೆಡ್ ಡ್ಯಾಮೇಜಸ್'. ಏಪ್ರಿಲ್ 30 ದಾಟಿದರೆ 6 ಲಕ್ಷದ ಠೇವಣಿಯೂ ಮುಟ್ಟುಗೋಲು. ಮುಗಿದದ್ದು ಮೇ 12ಕ್ಕೆ. ಸೀಸನ್ನಿನಲ್ಲಿ ವಾರಕ್ಕೆ ಎರಡು ಮದುವೆ ನಡೆಯುವ ಊರು. ಬಾಡಿಗೆ 75,000, ಅದರಲ್ಲಿ ಕರೆಂಟು, ಕ್ಲೀನಿಂಗು, ಆಳುಗಳ ಖರ್ಚು 20,000. ಬುಕ್ ಆಗಿದ್ದ ನಾಲ್ಕು ಮದುವೆಗಳಲ್ಲಿ ಮೂರು ರದ್ದಾದವು, ಒಂದು ಜೂನ್‌ಗೆ ಹೋಯಿತು. ರದ್ದಾದವರಲ್ಲಿ ಒಬ್ಬರು ದುಬಾರಿ ಛತ್ರ ಹಿಡಿಯಬೇಕಾಗಿ ಬಂದದ್ದರಿಂದ ಮಾಲೀಕ ಅವರಿಗೆ 30,000 ಕೊಟ್ಟ. ಕೀಲಿ ತೆಗೆದುಕೊಳ್ಳುವಾಗ ಪರಿಹಾರ ಕೇಳುತ್ತೇನೆಂದು ಲಿಖಿತ ನೋಟಿಸ್ ಕೊಟ್ಟು, ಕೊನೆಯ ಬಿಲ್ಲಿನಲ್ಲಿ 6 ಲಕ್ಷ ಹಿಡಿದುಕೊಂಡ, ಠೇವಣಿಯನ್ನೂ ಇಟ್ಟುಕೊಂಡ. 'ಎರಡೂ ಪೆನಾಲ್ಟಿ, ಆದ್ದರಿಂದ ಅನೂರ್ಜಿತ, ಮಾಲೀಕನಿಗೆ ಏನೂ ಸಿಗದು' ಎಂದು ಬರೆದೆ. ಆರಕ್ಕೆ ಎರಡು ಅಂಕ ಬಂತು. ಗೆಳತಿ 'ನಷ್ಟ ರುಜುವಾತು ಬೇಕಿಲ್ಲ, 12 ಲಕ್ಷವೂ ಸಿಗುತ್ತದೆ' ಎಂದು ಬರೆದಳು. ಅವಳಿಗೂ ಎರಡೇ. ಸರಿ ಉತ್ತರ ಯಾವುದು?

ಉತ್ತರ: ನಿಮ್ಮ ಉತ್ತರಕ್ಕೂ ಗೆಳತಿಯ ಉತ್ತರಕ್ಕೂ ಒಂದೇ ಅಂಕ ಬಂದದ್ದು ನ್ಯಾಯವೇ. ಇಬ್ಬರೂ ಷರತ್ತಿಗೆ ಹೆಸರಿಡುವಲ್ಲಿಗೆ ನಿಂತಿದ್ದೀರಿ. ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 74ರಲ್ಲಿ ಹೆಸರಿಡುವುದು ಆರಂಭ ಮಾತ್ರ. ಆಮೇಲೆ ನಷ್ಟದ ಲೆಕ್ಕ ಹಾಕಬೇಕು. ಸಮಸ್ಯೆಯಲ್ಲಿ ಬಾಡಿಗೆ, ಖರ್ಚು, ರದ್ದಾದ ಮದುವೆಗಳ ಸಂಖ್ಯೆ ಎಲ್ಲವನ್ನೂ ಬಿಡಿಬಿಡಿಯಾಗಿ ಕೊಟ್ಟಿರುವುದು ಆ ಲೆಕ್ಕಕ್ಕಾಗಿಯೇ. ಪ್ರಶ್ನೆಪತ್ರಿಕೆ ತಯಾರಿಸುವವರು ಅಂಕಿ ಕೊಟ್ಟಿದ್ದರೆ ಅದನ್ನು ಬಳಸಬೇಕೆಂದೇ ಅರ್ಥ.

ನೀವು ಬರೆದ 'ಅನೂರ್ಜಿತ' ಎಂಬ ಮಾತು ಇಂಗ್ಲೆಂಡಿನದು. ಅಲ್ಲಿನ ಹಳೆಯ ನಿಯಮವನ್ನು 1915ರ ಡನ್‌ಲಪ್ ಟೈರ್ ಪ್ರಕರಣದ ಮೂಲಕ ಓದುತ್ತೇವೆ. ಕರಾರಿನಲ್ಲಿ ಬರೆದ ಮೊತ್ತ ನಷ್ಟದ ಪ್ರಾಮಾಣಿಕ ಪೂರ್ವಾಂದಾಜಾಗಿದ್ದರೆ ಅದು ಲಿಕ್ವಿಡೇಟೆಡ್ ಡ್ಯಾಮೇಜಸ್, ಪೂರ್ತಿ ಸಿಗುತ್ತದೆ, ಹೆದರಿಸಲು ಇಟ್ಟ ದಂಡ, ಅಂದರೆ ಪೆನಾಲ್ಟಿಯಾಗಿದ್ದರೆ ಆ ಷರತ್ತು ನಡೆಯುವುದಿಲ್ಲ, ನಿಜವಾದ ನಷ್ಟವನ್ನು ಸಾಬೀತು ಮಾಡಿ ಪಡೆಯಬೇಕು. ಅಲ್ಲಿ ಹೆಸರಿನ ಮೇಲೆ ಬಹಳಷ್ಟು ನಿಂತಿತ್ತು. ನಮ್ಮ ಕಾಯ್ದೆ ಆ ದಾರಿ ಹಿಡಿಯಲಿಲ್ಲ. 1872ರಲ್ಲಿ ಬಂದ ಸೆಕ್ಷನ್ 74ಕ್ಕೆ 1899ರಲ್ಲಿ ತಿದ್ದುಪಡಿ ಮಾಡಿ, ಮೊತ್ತ ಹೆಸರಿಸಿದ ಕರಾರಿನ ಜೊತೆಗೆ ಪೆನಾಲ್ಟಿ ರೂಪದ ಬೇರೆ ಷರತ್ತುಗಳನ್ನೂ ಅದರೊಳಗೆ ಸೇರಿಸಿದರು. ಎರಡಕ್ಕೂ ಫಲ ಒಂದೇ: ಕರಾರು ಮುರಿದವನಿಂದ ಇನ್ನೊಬ್ಬನಿಗೆ 'ಸಮಂಜಸ ಪರಿಹಾರ' ಸಿಗುತ್ತದೆ, ಅದು ಹೆಸರಿಸಿದ ಮೊತ್ತವನ್ನು ಮೀರುವಂತಿಲ್ಲ. ಅಂದರೆ ಪೆನಾಲ್ಟಿಯಾದರೂ ಷರತ್ತು ಸಾಯುವುದಿಲ್ಲ, ಅದು ಪರಿಹಾರದ ಮೇಲ್ಮಿತಿಯಾಗಿ ಉಳಿಯುತ್ತದೆ. ಸೆಕ್ಷನ್ನಿನ ಮೊದಲ ಉದಾಹರಣೆಯನ್ನೇ ನೋಡಿ. ಒಂದು ದಿನಾಂಕಕ್ಕೆ 500 ರೂಪಾಯಿ ಕೊಡದಿದ್ದರೆ 1000 ಕೊಡುತ್ತೇನೆಂಬ ಮಾತು ಎದ್ದು ಕಾಣುವ ದಂಡ. ಆದರೂ ಉದಾಹರಣೆ ಅದನ್ನು ತಳ್ಳಿಹಾಕುವುದಿಲ್ಲ. 1000 ಮೀರದಂತೆ ನ್ಯಾಯಾಲಯ ಸಮಂಜಸವೆಂದು ಕಂಡಷ್ಟು ಕೊಡಿಸಬಹುದು ಎನ್ನುತ್ತದೆ.

ಗೆಳತಿಯ ತಪ್ಪು ಇನ್ನೂ ಸಾಮಾನ್ಯವಾದದ್ದು, ಏಕೆಂದರೆ ಅದಕ್ಕೆ ಸೆಕ್ಷನ್ನಿನ ಮಾತೇ ಕಾರಣ. 'ನಿಜವಾದ ಹಾನಿ ಅಥವಾ ನಷ್ಟ ರುಜುವಾತಾಗಲಿ, ಆಗದಿರಲಿ' ಪರಿಹಾರಕ್ಕೆ ಹಕ್ಕುಂಟು ಎಂದು ಅಲ್ಲಿ ಬರೆದಿದೆ. ಅಷ್ಟನ್ನೇ ಓದಿದರೆ ನಷ್ಟದ ಮಾತೇ ಬೇಡ ಎನಿಸುತ್ತದೆ. ಆದರೆ ಅದೇ ವಾಕ್ಯ ಕೊಡುವುದು 'ಪರಿಹಾರ'ವನ್ನು. ನಷ್ಟವೇ ಆಗದವನಿಗೆ ಪರಿಹಾರವೆಂಬುದು ಇರಲಾರದು. ಸುಪ್ರೀಂ ಕೋರ್ಟ್ ಇದನ್ನು 1963ರ ಫತೇಚಂದ್ ವಿರುದ್ಧ ಬಾಲಕಿಷನ್ ದಾಸ್ ಪ್ರಕರಣದಲ್ಲಿ ಹೇಳಿತು. ದಿಲ್ಲಿಯ ಒಂದು ಬಂಗಲೆಯ ಮಾರಾಟ 1,12,500ಕ್ಕೆ ಕುದುರಿತ್ತು. ಕೊಳ್ಳುವವರು 1,000 ಮುಂಗಡವಾಗಿಯೂ ಆಮೇಲೆ 24,000ವನ್ನೂ ಕೊಟ್ಟಿದ್ದರು. ಮಾರಾಟ ಮುರಿದಾಗ ಒಟ್ಟು 25,000ವನ್ನೂ ಇಟ್ಟುಕೊಳ್ಳುವ ಷರತ್ತು ಮಾರುವವನ ಕೈಯಲ್ಲಿತ್ತು. ನ್ಯಾಯಾಲಯ 1,000ವನ್ನು ಮುಂಗಡವೆಂದು ಬಿಟ್ಟುಕೊಟ್ಟಿತು. 24,000ವನ್ನು ಮುಟ್ಟುಗೋಲು ಹಾಕುವ ಷರತ್ತು ಪೆನಾಲ್ಟಿ ಎಂದಿತು. ಮಾರುವವನು ತನಗೆ ಅಷ್ಟು ನಷ್ಟವಾದದ್ದನ್ನು ತೋರಿಸಿರಲಿಲ್ಲ. ರುಜುವಾತಿನ ಹೊರೆ ಇಳಿಸಿದ ಮಾತ್ರಕ್ಕೆ, ಕಾನೂನು ದೃಷ್ಟಿಯಲ್ಲಿ ಏನೂ ಹಾನಿಯಾಗದಿದ್ದಾಗಲೂ ಪರಿಹಾರ ಕೊಡಿಸಬಹುದು ಎಂದಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು.

ಹಾಗಾದರೆ 'ರುಜುವಾತಾಗಲಿ, ಆಗದಿರಲಿ' ಎಂಬ ಮಾತಿಗೆ ಕೆಲಸವೇನು? ಅದಕ್ಕೆ ಉತ್ತರ 1969ರ ಮೌಲಾ ಬಕ್ಷ್ ಪ್ರಕರಣದಲ್ಲಿದೆ. ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಎರಡು ಗುತ್ತಿಗೆಗಳು, ಎರಡಕ್ಕೂ ಸೇರಿ 18,500 ಠೇವಣಿ. ಪೂರೈಕೆ ಸರಿಯಾಗಲಿಲ್ಲವೆಂದು ಸರ್ಕಾರ ಗುತ್ತಿಗೆ ರದ್ದು ಮಾಡಿ ಠೇವಣಿಯನ್ನು ಇಟ್ಟುಕೊಂಡಿತು. ಬೇರೆ ಕಡೆ ಯಾವ ದರಕ್ಕೆ ಆಲೂಗಡ್ಡೆ ಕೊಂಡಿರಿ ಎಂಬುದಕ್ಕೆ ಲೆಕ್ಕ ಕೊಡಬಹುದಿತ್ತಲ್ಲ, ಏಕೆ ಕೊಡಲಿಲ್ಲ ಎಂಬುದು ನ್ಯಾಯಾಲಯದ ಪ್ರಶ್ನೆ. ಮಾರುಕಟ್ಟೆಯಲ್ಲಿ ದರವಿರುವ ವಸ್ತುವಿನ ನಷ್ಟ ಎಣಿಸಬಲ್ಲ ನಷ್ಟ. ಎಣಿಸಬಲ್ಲದ್ದನ್ನು ಎಣಿಸಿ ತೋರಿಸಲೇಬೇಕು. ಎಣಿಸಲು ಬಾರದ ಕಡೆ ಮಾತ್ರ, ಅದೂ ಹೆಸರಿಸಿದ ಮೊತ್ತ ಪ್ರಾಮಾಣಿಕ ಅಂದಾಜಾಗಿದ್ದರೆ, ಆ ಮೊತ್ತವನ್ನೇ ಅಳತೆಗೋಲಾಗಿ ಹಿಡಿಯಬಹುದು.

ಎಣಿಸಲು ಬಾರದ ನಷ್ಟ ಹೇಗಿರುತ್ತದೆ ಎಂಬುದನ್ನು 2003ರ ಒಎನ್‌ಜಿಸಿ ವಿರುದ್ಧ ಸಾ ಪೈಪ್ಸ್ ತೀರ್ಪಿನಿಂದ ತಿಳಿಯಬಹುದು. ರಸ್ತೆಯೋ ಸೇತುವೆಯೋ ತಡವಾದರೆ ಜನರಿಗಾದ ನಷ್ಟವನ್ನು ರೂಪಾಯಿಯಲ್ಲಿ ಹೇಳುವುದು ಕಷ್ಟ ಎಂಬ ಉದಾಹರಣೆ ಅಲ್ಲಿದೆ. ಪ್ರಕರಣ ಸಮುದ್ರದ ಎಣ್ಣೆಬಾವಿಗೆ ಬೇಕಾದ ಪೈಪುಗಳದ್ದು. ತಡವಾದರೆ ವಾರಕ್ಕೆ ಶೇಕಡಾ 1, ಹೆಚ್ಚೆಂದರೆ ಶೇಕಡಾ 10 ಎಂಬ ಷರತ್ತಿನಂತೆ ಒಎನ್‌ಜಿಸಿ ಬಿಲ್ಲಿನಲ್ಲಿ ಹಣ ಹಿಡಿದದ್ದನ್ನು ನ್ಯಾಯಾಲಯ ಒಪ್ಪಿತು. ಷರತ್ತು ಸ್ಪಷ್ಟವಾಗಿದ್ದು ಅಂದಾಜು ಪ್ರಾಮಾಣಿಕವಾಗಿದ್ದರೆ, ಅದು ಅಸಮಂಜಸ ಎಂದು ತೋರಿಸುವ ಹೊರೆ ಕರಾರು ಮುರಿದವನ ಮೇಲೆ ಎಂದೂ ಹೇಳಿತು. ಗೆಳತಿ ಬಹುಶಃ ಈ ಒಂದು ತೀರ್ಪನ್ನು ಓದಿ ಪರೀಕ್ಷೆಗೆ ಹೋಗಿದ್ದಾಳೆ. 2015ರ ಕೈಲಾಶ್‌ನಾಥ್ ಅಸೋಸಿಯೇಟ್ಸ್ ವಿರುದ್ಧ ಡಿಡಿಎ ತೀರ್ಪು ಹಿಂದಿನವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಅಲ್ಲಿ ಡಿಡಿಎ, ಅಂದರೆ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ, 78 ಲಕ್ಷದ ಮುಂಗಡವನ್ನು ಮುಟ್ಟುಗೋಲು ಹಾಕಿ, ಅದೇ ನಿವೇಶನವನ್ನು ಮುಂದೆ ಬಹಳ ಹೆಚ್ಚಿನ ಬೆಲೆಗೆ ಹರಾಜು ಹಾಕಿತ್ತು. ನಷ್ಟವೇ ಇಲ್ಲದ ಮೇಲೆ ಮುಂಗಡವನ್ನು ಹಿಂದಿರುಗಿಸಬೇಕಾಯಿತು. ನಷ್ಟವಿಲ್ಲದೆ ಪರಿಹಾರವಿಲ್ಲ, ರುಜುವಾತು ಸಾಧ್ಯವಿರುವಲ್ಲಿ ರುಜುವಾತಿಗೆ ವಿನಾಯಿತಿ ಇಲ್ಲ, ಹಣ ಕೇಳುವವನು ವಾದಿಯಾಗಿದ್ದರೂ ಹಿಡಿದುಕೊಂಡ ಪ್ರತಿವಾದಿಯಾಗಿದ್ದರೂ ನಿಯಮ ಒಂದೇ. ಈ ಮೂರು ಮಾತುಗಳನ್ನು ಆ ತೀರ್ಪಿನಿಂದ ನೆನಪಿಡಿ. ಒಂದು ಸಣ್ಣ ವಿಷಯ, ಆದರೆ ಪರೀಕ್ಷಕರು ಮೆಚ್ಚುವಂಥದ್ದು: ಫತೇಚಂದ್ ಐವರು ನ್ಯಾಯಮೂರ್ತಿಗಳ ಪೀಠದ್ದು, ಸಾ ಪೈಪ್ಸ್ ಇಬ್ಬರದು. ಆದ್ದರಿಂದ ಸಾ ಪೈಪ್ಸನ್ನು ಫತೇಚಂದ್‌ನ ಚೌಕಟ್ಟಿನೊಳಗೇ ಓದಬೇಕು.

ಈಗ ಮಂಟಪಕ್ಕೆ ಬರೋಣ. ಮಾರ್ಚ್ 31ರಿಂದ ಮೇ 12ಕ್ಕೆ 42 ದಿನ, ಸರಿಯಾಗಿ ಆರು ವಾರ. ಮೊದಲು ವಾರಕ್ಕೆ 1 ಲಕ್ಷದ ಷರತ್ತು. ಅದು ಪೂರ್ವಾಂದಾಜೋ ದಂಡವೋ ಎಂಬುದನ್ನು ಕರಾರು ಆದ ದಿನಕ್ಕೆ ನಿಂತು ನೋಡಬೇಕು, ತಡವಾದ ಮೇಲೆ ಆದದ್ದನ್ನು ನೋಡಿ ಅಲ್ಲ. ಸೀಸನ್ನಿನಲ್ಲಿ ವಾರಕ್ಕೆ ಎರಡು ಮದುವೆ, ಪ್ರತಿ ಮದುವೆಗೆ ಖರ್ಚು ಕಳೆದು ಕೈಗೆ ಬರುವುದು 55,000, ಅಂದರೆ ವಾರಕ್ಕೆ 1,10,000. ಷರತ್ತಿನ ಮೊತ್ತ ಅದಕ್ಕಿಂತ ಕಡಿಮೆ. ವಾರ ಹೆಚ್ಚಿದಂತೆ ಮೊತ್ತವೂ ಹೆಚ್ಚುತ್ತದೆ. ಇದು ಪ್ರಾಮಾಣಿಕ ಅಂದಾಜಿನ ಗುಣ. ಇದನ್ನು ನೀವು ಪೆನಾಲ್ಟಿ ಎಂದದ್ದು ತಪ್ಪು.

ಠೇವಣಿಯ ಷರತ್ತಿನ ಕಥೆ ಬೇರೆ. ಏಪ್ರಿಲ್ 30ಕ್ಕೆ ಒಂದು ದಿನ ದಾಟಿದರೂ 6 ಲಕ್ಷ, ಎರಡು ತಿಂಗಳು ದಾಟಿದರೂ 6 ಲಕ್ಷ. ನಷ್ಟ ಚಿಕ್ಕದಾದರೂ ದೊಡ್ಡದಾದರೂ ಒಂದೇ ಮೊತ್ತವಿದ್ದರೆ ಅದು ದಂಡದ ಕಡೆಗೆ ವಾಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇ ತಿಂಗಳ ತಡಕ್ಕೆ ವಾರದ ಲೆಕ್ಕದಲ್ಲಿ ಆಗಲೇ ಹಣ ನಿಗದಿಯಾಗಿದೆ. ಅದೇ ತಡಕ್ಕೆ ಮತ್ತೊಮ್ಮೆ ಠೇವಣಿ ಹಿಡಿಯುವುದು ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ. ಫತೇಚಂದ್‌ನ 1,000ದಂತೆ ಇದನ್ನು ಮುಂಗಡವೆಂದು ಉಳಿಸಿಕೊಳ್ಳಲೂ ಆಗದು. ಇದು ಕೆಲಸ ಸರಿಯಾಗಿ ನಡೆಯಲೆಂದು ಇಟ್ಟ ಭದ್ರತಾ ಠೇವಣಿ, ಮೌಲಾ ಬಕ್ಷ್‌ನ ಠೇವಣಿಯ ಜಾತಿಗೆ ಸೇರಿದ್ದು. ಇದನ್ನು ಪೆನಾಲ್ಟಿ ಎಂದು ಬರೆಯಿರಿ. ಆದರೆ ತಕ್ಷಣವೇ 'ಆದರೂ ಸಮಂಜಸ ಪರಿಹಾರದ ಪ್ರಶ್ನೆ ಉಳಿಯುತ್ತದೆ' ಎಂದೂ ಸೇರಿಸಿ.

ಆಮೇಲೆ ನಷ್ಟದ ಲೆಕ್ಕ. ಸಮಂಜಸ ಎಂಬುದನ್ನು ಅಳೆಯುವ ಕೋಲು ಸೆಕ್ಷನ್ 73. ಕರಾರು ಭಂಗದಿಂದ ಸಹಜವಾಗಿ ಬಂದ ನಷ್ಟ, ಅಥವಾ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ ಮಾತ್ರ ಲೆಕ್ಕಕ್ಕೆ ಬರುತ್ತದೆ. ದೂರದ ನಷ್ಟ ಬರುವುದಿಲ್ಲ. ವಿದ್ಯಾರ್ಥಿಗಳು ಇಲ್ಲಿ ಮಾಡುವ ಮೊದಲ ತಪ್ಪು ನಾಲ್ಕು ಮದುವೆಗೆ 75,000ದಂತೆ 3 ಲಕ್ಷ ಎಂದು ಬರೆಯುವುದು. ಮದುವೆ ನಡೆಯದಿದ್ದರೆ ಕರೆಂಟಿನ ಬಿಲ್ಲೂ ಇಲ್ಲ, ಕ್ಲೀನಿಂಗ್ ಕೂಲಿಯೂ ಇಲ್ಲ. ಉಳಿದ 20,000ವನ್ನು ನಷ್ಟವೆಂದು ಹೇಳುವಂತಿಲ್ಲ. ಹೋದದ್ದು 55,000 ಮಾತ್ರ. ಎರಡನೆಯ ತಪ್ಪು ಜೂನ್‌ಗೆ ಹೋದ ಮದುವೆಯನ್ನೂ ಸೇರಿಸುವುದು. ಅದರ ಬಾಡಿಗೆ ತಡವಾಗಿಯಾದರೂ ಬಂದಿದೆ. ಉಳಿದದ್ದು ಮೂರು ಮದುವೆ, 1,65,000.

ಮಾಲೀಕ ಕೈಯಿಂದ ಕೊಟ್ಟ 30,000 ಸೇರುತ್ತದೆಯೇ? ಕಲ್ಯಾಣ ಮಂಟಪ ಕಟ್ಟುವವನಿಗೆ ಅದು ಮದುವೆಗೆ ಬುಕ್ ಆಗುತ್ತದೆ, ಮುಹೂರ್ತ ಹತ್ತಿರ ಬಂದಾಗ ಛತ್ರ ಸಿಗದಿದ್ದರೆ ಹೆಣ್ಣಿನ ಕಡೆಯವರು ಹೆಚ್ಚು ಕೊಟ್ಟು ಬೇರೆ ಕಡೆ ಹಿಡಿಯುತ್ತಾರೆ ಎಂಬುದು ಹೇಳದೆಯೂ ಗೊತ್ತಿರುವ ವಿಷಯ. ಹಾಗಾಗಿ ಇದು ಸಹಜವಾಗಿ ಬಂದ ನಷ್ಟ. ಸೇರಿಸಿ, ಒಟ್ಟು 1,95,000. ಇದೇ ಮಾಲೀಕ 'ಊರಿನಲ್ಲಿ ಮರ್ಯಾದೆ ಹೋಯಿತು' ಎಂದು 2 ಲಕ್ಷ ಕೇಳಿದರೆ ಅದನ್ನು ಸೇರಿಸುವಂತಿಲ್ಲ. ಮನಸ್ಸಿಗಾದ ನೋವಿಗೆ ಇಂಥ ವ್ಯವಹಾರದ ಕರಾರಿನಲ್ಲಿ ಸಾಮಾನ್ಯವಾಗಿ ಪರಿಹಾರವಿಲ್ಲ.

ಈ 1,95,000ಕ್ಕೆ ಸಾಕ್ಷ್ಯ ಎಲ್ಲಿದೆ ಎಂದು ಒಂದು ವಾಕ್ಯದಲ್ಲಿ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. ಮಂಟಪದ ಬುಕಿಂಗ್ ರಿಜಿಸ್ಟರ್, ಮುಂಗಡ ಪಡೆದ ರಸೀದಿ ಪುಸ್ತಕದ ಕಾರ್ಬನ್ ಪ್ರತಿ, ಮುಂಗಡ ವಾಪಸು ಕೊಟ್ಟದ್ದಕ್ಕೆ ಬ್ಯಾಂಕಿನ ಪಾಸ್‌ಬುಕ್ ನಮೂದು, 30,000 ಪಡೆದವರ ಸಹಿ. ಇವೆಲ್ಲ ಮಾಲೀಕನ ಕೈಯಲ್ಲೇ ಇರುವ ಕಾಗದಗಳು. ಅವನ ನಷ್ಟ ಸೇತುವೆಯ ನಷ್ಟದಂತೆ ಎಣಿಸಲು ಬಾರದ್ದಲ್ಲ ಎಂಬುದಕ್ಕೆ ಈ ಕಾಗದಗಳೇ ಗುರುತು.

ಹಾಗಾದರೆ ಉತ್ತರ 1,95,000 ಎಂದು ಮುಗಿಸಬಹುದೇ? ಬಹುದು, ನಾನು ಒಪ್ಪುವ ಉತ್ತರವೂ ಅದೇ. ಆದರೆ ಮಾಲೀಕನ ಪರವಾದ ಬಲವಾದ ವಾದವನ್ನು ಮೊದಲು ಎದುರಿಸಬೇಕು. ಮಂಟಪ ಹೊಸದು, ಹಿಂದಿನ ವರ್ಷಗಳ ಲೆಕ್ಕವಿಲ್ಲ. ಕಟ್ಟಡ ಮುಗಿದಿಲ್ಲವೆಂದು ನೋಡಿ ವಿಚಾರಿಸದೆಯೇ ಹೋದವರೆಷ್ಟೋ, ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಈ ಭಾಗದ ನಷ್ಟವನ್ನು ಎಣಿಸಲು ಆಗದು, ವಾರಕ್ಕೆ 1 ಲಕ್ಷ ಪ್ರಾಮಾಣಿಕ ಅಂದಾಜೆಂದು ನಾವೇ ಒಪ್ಪಿದ್ದೇವೆ, ಆದ್ದರಿಂದ ಸಾ ಪೈಪ್ಸ್‌ನಂತೆ 6 ಲಕ್ಷವನ್ನೂ ಕೊಡಬೇಕು ಎಂದು ಅವನ ವಕೀಲರು ವಾದಿಸಬಹುದು. ಪ್ರಶ್ನೆಯಲ್ಲಿ 'ಅನೇಕರು ಬಂದು ಕೇಳಿ ವಾಪಸು ಹೋದರು' ಎಂಬಂಥ ಒಂದು ಸಾಲಿದ್ದಿದ್ದರೆ ಈ ವಾದಕ್ಕೆ ಕಾಲು ಸಿಗುತ್ತಿತ್ತು, 6 ಲಕ್ಷವೂ ಸಮರ್ಥನೀಯ ಉತ್ತರವಾಗುತ್ತಿತ್ತು. ನಿಮ್ಮ ಪ್ರಶ್ನೆಯಲ್ಲಿ ಅಂಥದ್ದಿಲ್ಲ. ಕೊಟ್ಟಿರುವುದು ನಾಲ್ಕು ಬುಕಿಂಗ್ ಮಾತ್ರ. ಇಲ್ಲದ ಸಂಗತಿಯನ್ನು ಊಹಿಸಿ 6 ಲಕ್ಷ ಕೊಟ್ಟರೆ ಪರೀಕ್ಷಕರು ಕೈಲಾಶ್‌ನಾಥ್ ಮರೆತಿದ್ದೀರಿ ಎಂದುಕೊಳ್ಳುತ್ತಾರೆ. ಇತ್ತ ಸಾ ಪೈಪ್ಸ್ ಹೆಸರೇ ಎತ್ತದೆ 1,95,000 ಬರೆದರೆ ಎದುರು ವಾದ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಕೆಲವರು ಎರಡರ ನಡುವೆ 3 ಲಕ್ಷ, 4 ಲಕ್ಷ ಎಂದು ಬರೆಯುತ್ತಾರೆ. ಅದು ಎಲ್ಲಕ್ಕಿಂತ ಅಪಾಯದ ದಾರಿ. ಆ ಅಂಕಿ ಎಲ್ಲಿಂದ ಬಂತೆಂದು ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಸಂಗತಿ ಬದಲಾದರೆ ಏನಾಗುತ್ತದೆ ನೋಡಿ. ಆರು ವಾರದ ತಡ ಏಪ್ರಿಲ್‌ನಲ್ಲಿ ಅಲ್ಲ, ಮದುವೆಗಳೇ ನಡೆಯದ ಆಷಾಢದಲ್ಲಿ ಬಿದ್ದಿದ್ದು, ಒಂದೂ ಬುಕಿಂಗ್ ಇರಲಿಲ್ಲ ಎಂದಿಟ್ಟುಕೊಳ್ಳಿ. ಷರತ್ತು ಅದೇ, ವಾರಕ್ಕೆ ಅದೇ 1 ಲಕ್ಷ. ಆಗ ನಷ್ಟವೇ ಇಲ್ಲ, ಪರಿಹಾರವೂ ಇಲ್ಲ, ಹಿಡಿದ ಹಣವನ್ನೆಲ್ಲ ವಾಪಸು ಕೊಡಬೇಕು. ಮುಂದಿನ ಪತ್ರಿಕೆಯಲ್ಲಿ ಈ ರೂಪದಲ್ಲಿ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ.

ಲಿಖಿತ ನೋಟಿಸಿನ ಸಾಲನ್ನು ನೀವಿಬ್ಬರೂ ಬಳಸಿಯೇ ಇಲ್ಲ. ಕರಾರಿನಲ್ಲಿ ಸಮಯವೇ ಸಾರವಾಗಿದ್ದು, ತಡವಾದ ಕೆಲಸವನ್ನು ಮಾಲೀಕ ಸುಮ್ಮನೆ ಒಪ್ಪಿಕೊಂಡರೆ, ಒಪ್ಪಿಕೊಳ್ಳುವಾಗಲೇ ನೋಟಿಸ್ ಕೊಡದ ಹೊರತು ತಡಕ್ಕೆ ಪರಿಹಾರ ಕೇಳುವಂತಿಲ್ಲ ಎಂದು ಸೆಕ್ಷನ್ 55 ಹೇಳುತ್ತದೆ. ಇಲ್ಲಿ ನೋಟಿಸ್ ಇದೆ, ಆದ್ದರಿಂದ ಆ ಅಡ್ಡಿ ಇಲ್ಲ. ಎರಡು ಸಾಲು ಸಾಕು. ಆದರೆ ಇದನ್ನು ಸೆಕ್ಷನ್ 74ಕ್ಕಿಂತ ಮೊದಲು ಬರೆಯಿರಿ, ಏಕೆಂದರೆ ಹಕ್ಕೇ ಇಲ್ಲದಿದ್ದರೆ ಮೊತ್ತದ ಮಾತು ಬೇಕಿಲ್ಲ.

ಹೀಗಾಗಿ ಉತ್ತರಪತ್ರಿಕೆಯಲ್ಲಿ ಕರಾರು ಭಂಗ ಮತ್ತು ನೋಟಿಸ್‌ನಿಂದ ಶುರುಮಾಡಿ, ಸೆಕ್ಷನ್ 74ರ ಮಾತನ್ನು ನಿಮ್ಮದೇ ಪದಗಳಲ್ಲಿ ಕೊಟ್ಟು, ಎರಡು ಷರತ್ತುಗಳನ್ನು ಬೇರೆಬೇರೆಯಾಗಿ ನೋಡಿ, ಆಮೇಲೆ ಸೆಕ್ಷನ್ 73ರ ಲೆಕ್ಕವನ್ನು ಅಂಕಿಯೊಂದಿಗೆ ಬರೆಯಿರಿ. ತೀರ್ಪುಗಳನ್ನು ಕೊನೆಯಲ್ಲಿ ಪಟ್ಟಿಯಾಗಿ ಸುರಿಯಬೇಡಿ. ಯಾವ ಮಾತಿಗೆ ಯಾವ ತೀರ್ಪು ಬೇಕೋ ಅಲ್ಲಿಯೇ ಹೆಸರು ಬರಲಿ: ನಷ್ಟವಿಲ್ಲದೆ ಪರಿಹಾರವಿಲ್ಲ ಎನ್ನುವಾಗ ಫತೇಚಂದ್, ಎಣಿಸಬಲ್ಲದ್ದನ್ನು ಎಣಿಸಬೇಕು ಎನ್ನುವಾಗ ಮೌಲಾ ಬಕ್ಷ್, ಎದುರು ವಾದಕ್ಕೆ ಸಾ ಪೈಪ್ಸ್, ಅದಕ್ಕೆ ಉತ್ತರವಾಗಿ ಕೈಲಾಶ್‌ನಾಥ್. ತೀರ್ಮಾನದ ಸಾಲು ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಹೇಳಬೇಕು. ಮಾಲೀಕನ ಬಳಿ ಇರುವುದು ಒಟ್ಟು 12 ಲಕ್ಷ. ಅದರಲ್ಲಿ 1,95,000 ಇಟ್ಟುಕೊಂಡು, ಉಳಿದ 10,05,000ವನ್ನು ಗುತ್ತಿಗೆದಾರನಿಗೆ ಹಿಂದಿರುಗಿಸಬೇಕು.